ಹನ್ನೊಂದು ತಿಂಗಳ ಲಾಕ್‌ಇನ್, ಐದು ತಿಂಗಳ ಕಾಂಟ್ರಾಕ್ಟ್: ಸಹಿಗೆ ಮುಂಚೆ ನಡೆದ ಮಾತುಕತೆ

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಬಾಡಿಗೆಗೆ ನೋಡಿದ್ದ ಮನೆಯ ಕರಾರು ಪತ್ರದ ಕರಡನ್ನು ಬ್ರೋಕರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಾಗ ನಾನು ಮೊದಲು ಓದಿದ್ದು ಬಾಡಿಗೆಯನ್ನಲ್ಲ, ಒಂಬತ್ತನೇ ಷರತ್ತನ್ನು. ಬಾಡಿಗೆ 22,000, ಅಡ್ವಾನ್ಸ್ ಐದು ತಿಂಗಳದ್ದು, ಅಂದರೆ 1,10,000 ರೂಪಾಯಿ. ಇದು ಮೊದಲೇ ಮಾತಾಗಿತ್ತು. ಒಂಬತ್ತನೇ ಷರತ್ತಿನಲ್ಲಿ ಇದ್ದದ್ದು ಹೀಗೆ: ಬಾಡಿಗೆದಾರರು ಹನ್ನೊಂದು ತಿಂಗಳು ಮನೆ ಬಿಡುವಂತಿಲ್ಲ. ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಲಾಗುವುದು. ಲಾಕ್‌ಇನ್ ಮುಗಿದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ಖಾಲಿ ಮಾಡಬಹುದು.

ನನ್ನ ಕೆಲಸ ಆಗ ಕಾಂಟ್ರಾಕ್ಟಿನ ಮೇಲಿತ್ತು. ಸಾಫ್ಟ್‌ವೇರ್ ಟೆಸ್ಟಿಂಗ್. ಕೆಲಸ ಮಾಡುತ್ತಿದ್ದದ್ದು ಒಂದು ಕಂಪನಿಯಲ್ಲಿ, ಸಂಬಳ ಬರುತ್ತಿದ್ದದ್ದು ಇನ್ನೊಂದು ಏಜೆನ್ಸಿಯಿಂದ. ಕಾಂಟ್ರಾಕ್ಟ್ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು, ಮುಂದುವರಿಸುವ ಮಾತು ಫೆಬ್ರವರಿಗೆ ಮುಂಚೆ ಯಾರ ಬಾಯಿಂದಲೂ ಬರುವಂತಿರಲಿಲ್ಲ. ಅಷ್ಟೇ ಅಲ್ಲ, ಒಂದು ತಿಂಗಳ ನೋಟಿಸ್ ಕೊಟ್ಟು ಮಧ್ಯದಲ್ಲೇ ನಿಲ್ಲಿಸುವ ಹಕ್ಕೂ ಅವರಿಗಿತ್ತು. ಅಮ್ಮನನ್ನು ಅರಸೀಕೆರೆಯಿಂದ ಕರೆದುಕೊಂಡು ಬಂದು ನವೆಂಬರ್ 1ಕ್ಕೆ ಮನೆ ಸೇರಬೇಕೆಂದಿದ್ದೆ.

ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಮಾರ್ಚ್‌ಗೆ ಕೆಲಸ ಹೋಗಿ, ಏಪ್ರಿಲ್ ಕೊನೆಗೆ ಮನೆ ಬಿಟ್ಟರೆ ಅಷ್ಟರಲ್ಲಿ ಆರು ತಿಂಗಳು ಮುಗಿದಿರುತ್ತದೆ. ಉಳಿದ ಐದು ತಿಂಗಳಿಗೆ 22,000ದಂತೆ 1,10,000. ಅಂದರೆ ಅಡ್ವಾನ್ಸ್ ಪೂರ್ತಿ ಹೋಯಿತು. ಅದರ ಮೇಲೆ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ, 22,000, ನಾನೇ ಕೈಯಿಂದ ಕೊಡಬೇಕು. ಕೆಲಸವಿಲ್ಲದ ತಿಂಗಳಲ್ಲಿ ಕೈಗೆ ಬರಬೇಕಾದ ಒಂದು ಲಕ್ಷ ಬರುವುದಿಲ್ಲ, ಬದಲಿಗೆ ಸಾಲ ನಿಲ್ಲುತ್ತದೆ.

ಇನ್ನೂ ಒಂದು ವಿಷಯ ಎರಡನೇ ಸಲ ಓದಿದಾಗ ಕಂಡಿತು. ಕರಾರು ಇರುವುದೇ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತದೆ, ಆ ಓಡಾಟ ತಪ್ಪಿಸಲು ನಮ್ಮಲ್ಲಿ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಹನ್ನೊಂದು ತಿಂಗಳ ಲಾಕ್‌ಇನ್, ಅದು ಮುಗಿದ ಮೇಲಷ್ಟೇ ನೋಟಿಸ್ ಎಂದರೆ ನೋಟಿಸ್ ಷರತ್ತನ್ನು ಬಳಸುವ ದಿನ ಬರುವುದೇ ಇಲ್ಲ. ಬರೆದಿದ್ದಾರೆ ಎನ್ನುವುದು ಬಿಟ್ಟರೆ ಅದರಿಂದ ನನಗೆ ಪ್ರಯೋಜನವಿರಲಿಲ್ಲ.

ಟೋಕನ್ ಇನ್ನೂ ಕೊಟ್ಟಿರಲಿಲ್ಲ. ಇದು ಮುಖ್ಯ. ಬೆಂಗಳೂರಿನಲ್ಲಿ ಮನೆ ಹಿಡಿಸಿದರೆ ಬ್ರೋಕರ್ ಅಲ್ಲೇ ನಿಂತು ಐದು ಸಾವಿರವೋ ಹತ್ತು ಸಾವಿರವೋ ಕಳಿಸಿಬಿಡಿ, ಸಂಜೆ ಇನ್ನೊಬ್ಬರು ನೋಡಲು ಬರುತ್ತಾರೆ ಅನ್ನುತ್ತಾನೆ. ಕರಾರು ಪತ್ರ ಕಣ್ಣಿಗೆ ಬೀಳುವುದು ಸಹಿಯ ದಿನ. ಅಷ್ಟರಲ್ಲಿ ಹಳೆ ಮನೆಗೆ ನೋಟಿಸ್ ಕೊಟ್ಟಾಗಿರುತ್ತದೆ, ಸಾಮಾನು ಸಾಗಿಸಲು ಗಾಡಿ ಗೊತ್ತು ಮಾಡಿಯಾಗಿರುತ್ತದೆ, ಆಗ ಯಾವ ಷರತ್ತನ್ನೂ ಬದಲಿಸಿ ಎನ್ನುವ ಶಕ್ತಿ ಇರುವುದಿಲ್ಲ. ನಾನು ಮನೆ ನೋಡಿದ ದಿನವೇ, "ಕರಾರಿನ ಕರಡು ಕಳಿಸಿ, ಓದಿ ಟೋಕನ್ ಹಾಕುತ್ತೇನೆ" ಎಂದು ಹೇಳಿದ್ದೆ. ಬ್ರೋಕರ್‌ಗೆ ಅದು ಹಿಡಿಸಲಿಲ್ಲ. ಆದರೂ ಕಳಿಸಿದರು.

ಇದಕ್ಕೆ ಮುಂಚೆ ಎರಡು ಮನೆ ಕೈತಪ್ಪಿದ್ದವು, ಎರಡರಲ್ಲೂ ಇದೇ ವಿಷಯ. ಮೊದಲನೆಯದನ್ನು ನೋಡಿಕೊಳ್ಳುತ್ತಿದ್ದದ್ದು ಮಾಲೀಕರ ಪರವಾಗಿ ಮನೆಗಳನ್ನು ಬಾಡಿಗೆಗೆ ಕೊಡುವ ಒಂದು ಕಂಪನಿ. ಅಲ್ಲಿನ ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ಆದರೆ ಕರಾರು ಎಲ್ಲರಿಗೂ ಒಂದೇ, ಒಂದು ಅಕ್ಷರ ಬದಲಿಸುವ ಅಧಿಕಾರ ತನಗಿಲ್ಲ ಎಂದ. ಅವನಿಗೆ ನಿಜಕ್ಕೂ ಇರಲಿಲ್ಲ. ಅಂಥ ಕಡೆ ಗಂಟೆಗಟ್ಟಲೆ ವಿವರಿಸುವುದರಲ್ಲಿ ಅರ್ಥವಿಲ್ಲ, ಕೇಳುವವನಿಗೆ ಒಪ್ಪಿಗೆ ಕೊಡುವ ಅಧಿಕಾರ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು.

ಎರಡನೇ ಮನೆಯ ಮಾಲೀಕರ ಮುಂದೆ ಕೂತು, ನನ್ನದು ಕಾಂಟ್ರಾಕ್ಟ್ ಕೆಲಸ, ಮುಂದೆ ಹೇಗೋ ಗೊತ್ತಿಲ್ಲ, ಲಾಕ್‌ಇನ್ ಸ್ವಲ್ಪ ಕಡಿಮೆ ಮಾಡಿ ಎಂದೆ. ಅವರು ತಲೆಯಾಡಿಸಿದರು, ಕಾಫಿ ಕೊಟ್ಟರು. ಸಂಜೆ ಬ್ರೋಕರ್ ಫೋನ್ ಮಾಡಿ, "ಅವರಿಗೆ ಬೇಡವಂತೆ ಮೇಡಂ, ಬಾಡಿಗೆ ಸರಿಯಾಗಿ ಬರುತ್ತೋ ಇಲ್ವೋ ಅಂತಿದ್ದಾರೆ" ಎಂದ. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟ: "ಮುಂದಿನ ಮನೇಲಿ ಕೆಲಸದ ವಿಷಯ ಎತ್ಲೇಬೇಡಿ. ಪರ್ಮನೆಂಟ್ ಅಂದ್ಬಿಡಿ. ಯಾರು ನೋಡ್ತಾರೆ?"

ನೋಡುತ್ತಾರೆ. ಕಂಪನಿಯ ಐಡಿ ಕಾರ್ಡಿನ ಪ್ರತಿ ಕೇಳುತ್ತಾರೆ, ಕೆಲವರು ಆಫರ್ ಲೆಟರ್ ಕೇಳುತ್ತಾರೆ, ನನ್ನ ಕಾರ್ಡಿನಲ್ಲಿ ಏಜೆನ್ಸಿಯ ಹೆಸರೇ ಇತ್ತು. ಅದಿಲ್ಲದಿದ್ದರೂ ನಾನು ಸುಳ್ಳು ಹೇಳುತ್ತಿರಲಿಲ್ಲ. ಕೆಲಸ ಭದ್ರ ಎಂದು ಹೇಳಿದವಳು ಲಾಕ್‌ಇನ್ ಕಡಿಮೆ ಮಾಡಿ ಎಂದು ಯಾವ ಬಾಯಲ್ಲಿ ಕೇಳಬೇಕು? ಕೇಳಲು ಕಾರಣವೇ ಉಳಿಯುವುದಿಲ್ಲ. ಮಾರ್ಚ್‌ನಲ್ಲಿ ಮನೆ ಬಿಡುತ್ತೇನೆ ಎಂದರೆ ಆಗ ಮೊದಲ ದಿನದ ಮಾತೆಲ್ಲ ಮೋಸವಾಗಿ ಕಾಣುತ್ತದೆ, ಅಡ್ವಾನ್ಸ್ ಇರುವುದು ಅವರ ಕೈಯಲ್ಲಿ.

ಆದರೆ ಆ ಮಾಲೀಕರು "ಬಾಡಿಗೆ ಬರುತ್ತೋ ಇಲ್ವೋ" ಎಂದದ್ದು ನನ್ನಲ್ಲಿ ಉಳಿಯಿತು. ನಾನು ಹೇಳಿದ್ದು ಒಂದು, ಅವರು ಕೇಳಿಸಿಕೊಂಡದ್ದು ಇನ್ನೊಂದು. ಮಾಲೀಕರಿಗೆ ಎರಡು ಬೇರೆ ಬೇರೆ ಭಯಗಳಿರುತ್ತವೆ. ಒಂದು, ಮನೆಯಲ್ಲಿ ಕೂತುಕೊಂಡು ಬಾಡಿಗೆ ಕೊಡದೆ ಸತಾಯಿಸುವವರು. ಇನ್ನೊಂದು, ಬೇಗ ಖಾಲಿ ಮಾಡಿ ಹೋಗಿ ಮನೆ ಬೀಗ ಹಾಕಿಕೊಂಡು ಕೂರುವಂತೆ ಮಾಡುವವರು. ಲಾಕ್‌ಇನ್ ಇರುವುದು ಎರಡನೆಯದಕ್ಕೆ. ಮೊದಲನೆಯದಕ್ಕೆ ಅಡ್ವಾನ್ಸ್ ಇದೆ. ಕೆಲಸದ ಅನಿಶ್ಚಿತತೆಯನ್ನು ಮೊಗಮ್ಮಾಗಿ ಹೇಳಿದರೆ ಅವರ ಮನಸ್ಸು ಮೊದಲನೇ ಭಯಕ್ಕೆ ಹೋಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಕತ್ರಿಗುಪ್ಪೆಯ ಮಾಲೀಕರನ್ನು ನೋಡಲು ಹೋಗುವಾಗ ಈ ಎರಡನ್ನು ಬಿಡಿಸಿ ಹೇಳಬೇಕೆಂದು ಗಟ್ಟಿ ಮಾಡಿಕೊಂಡೆ. ಕಾಂಟ್ರಾಕ್ಟಿನಲ್ಲಿ ಅವಧಿ ಬರೆದಿದ್ದ ಪುಟದ ಪ್ರತಿ, ಸಂಬಳ ಜಮಾ ಆದದ್ದು ಕಾಣುವ ಆರು ತಿಂಗಳ ಬ್ಯಾಂಕ್ ವಿವರ, ಹಳೆ ಮನೆ ಮಾಲೀಕರ ಫೋನ್ ನಂಬರ್, ಇಷ್ಟನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡೆ. ನಂಬರ್ ಕೊಡುವ ಮುಂಚೆ ಹಳೆ ಮಾಲೀಕರನ್ನು ಕೇಳಿ ಒಪ್ಪಿಸಿದ್ದೆ. ಬ್ರೋಕರ್ ಮೂಲಕ ಹೇಳಿ ಕಳಿಸಲಿಲ್ಲ, ನೇರವಾಗಿ ಹೋದೆ. ಬ್ರೋಕರ್ ಬಾಯಲ್ಲಿ ಇಂಥ ಮಾತು "ಅವರಿಗೆ ಕೆಲಸ ಗ್ಯಾರಂಟಿ ಇಲ್ವಂತೆ" ಎಂದು ಮಾತ್ರ ತಲುಪುತ್ತದೆ.

ಮಾಲೀಕರು ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕೆಳಗಿನ ಮನೆಯಲ್ಲಿ ಅವರು, ಅವರ ಹೆಂಡತಿ. ಮೇಲಿನದು ಬಾಡಿಗೆಗೆ. ಕೂತ ಮೇಲೆ ನಾನು ಹೀಗೆ ಶುರು ಮಾಡಿದೆ: "ಸರ್, ಮನೆ ನಮಗೆ ಬೇಕು. ಬಾಡಿಗೆ, ಅಡ್ವಾನ್ಸ್ ಯಾವುದರಲ್ಲೂ ಚೌಕಾಸಿ ಮಾಡಲ್ಲ. ಒಂದು ವಿಷಯ ಮಾತ್ರ ಮುಂಚೇನೇ ಹೇಳ್ತೀನಿ. ನನ್ನ ಕಾಂಟ್ರಾಕ್ಟ್ ಮಾರ್ಚ್ 31ರ ತನಕ ಇದೆ, ಇಗೋ ಅದರ ಪ್ರತಿ. ಮುಂದುವರಿಸಬಹುದು, ಮುಂದುವರಿಸದೇ ಇರಬಹುದು. ಬಾಡಿಗೆ ಕೊಡೋಕಾಗಲ್ಲ ಅನ್ನೋ ಭಯ ಅಲ್ಲ ನನ್ನದು. ಆರು ತಿಂಗಳ ಬಾಡಿಗೆ ಕೂಡಿಟ್ಟಿದ್ದೀನಿ. ಬೇರೆ ಕೆಲಸ ಬೇರೆ ಊರಲ್ಲಿ ಸಿಕ್ಕರೆ ಹೋಗಬೇಕಾಗುತ್ತೆ, ಆಗ ಹನ್ನೊಂದು ತಿಂಗಳು ನಿಲ್ಲೋಕಾಗಲ್ಲ."

ಅವರು ಕಾಂಟ್ರಾಕ್ಟಿನ ಪುಟವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ, "ನೋಡಮ್ಮ, ಹಿಂದೆ ಇದ್ದ ಹುಡುಗರು ನಾಲ್ಕು ತಿಂಗಳಿಗೆ ಹೋದರು. ಅದಕ್ಕೇ ಈ ಸಲ ಹನ್ನೊಂದು ಅಂತ ಹಾಕಿಸಿದ್ದು" ಎಂದರು. ನಾನು ಆಗ ಅಂಕಿ ಕೇಳುವ ಬದಲು, ಅವರು ಹೋದಾಗ ನಿಮಗೆ ಏನು ನಷ್ಟವಾಯಿತು ಎಂದು ಕೇಳಿದೆ. ಇಡೀ ಮಾತುಕತೆ ತಿರುಗಿದ್ದು ಈ ಪ್ರಶ್ನೆಯಿಂದ.

ಅವರು ಹೇಳುತ್ತಾ ಹೋದರು. ಹೋದ ಹುಡುಗರು ಜೂನ್ ಮಧ್ಯದಲ್ಲಿ ಖಾಲಿ ಮಾಡಿದ್ದರು. ಬಣ್ಣ ಬಳಿಸುವಷ್ಟರಲ್ಲಿ ಆಷಾಢ ಬಂತು. "ಆಷಾಢದಲ್ಲಿ ಯಾರು ಮನೆ ಬದಲಾಯಿಸ್ತಾರೆ ಹೇಳು? ನೋಡೋಕೆ ಬಂದವರೂ ಶ್ರಾವಣ ಬರಲಿ ಅಂತಿದ್ರು." ಮನೆ ಎರಡು ತಿಂಗಳಿಗೂ ಮೇಲೆ ಖಾಲಿ ಉಳಿಯಿತು. ಈ ಕಡೆ ಬಾಡಿಗೆ ಇಲ್ಲ, ಆ ಕಡೆ ಮೇಲಿನ ಮನೆ ಕಟ್ಟಲು ತೆಗೆದ ಸಾಲದ ಕಂತು ಬಿಡುವುದಿಲ್ಲ. ಅವರಿಗೆ ನಷ್ಟವಾದದ್ದು ಏಳು ತಿಂಗಳ ಬಾಡಿಗೆಯಲ್ಲ, ಎರಡು ತಿಂಗಳ ಬಾಡಿಗೆ ಮತ್ತು ಬಣ್ಣದ ಖರ್ಚು. ಅದೂ ಮನೆ ಬಿಟ್ಟ ತಿಂಗಳು ಕೆಟ್ಟದ್ದಾಗಿದ್ದರಿಂದ. ಏಪ್ರಿಲ್, ಮೇನಲ್ಲಿ ಶಾಲೆಗೆ ರಜೆ, ಸಂಸಾರಸ್ಥರು ಮನೆ ಬದಲಾಯಿಸುವುದೇ ಆಗ. ಅಂಥ ಹೊತ್ತಿನಲ್ಲಿ ಕತ್ರಿಗುಪ್ಪೆಯಂಥ ಕಡೆ ಮನೆ ಬಹಳ ದಿನ ಖಾಲಿ ಇರುವುದಿಲ್ಲ ಎಂದು ಅವರೇ ಒಪ್ಪಿದರು.

ನಾನು ಕೇಳಿದ್ದು: ಲಾಕ್‌ಇನ್ ಮೂರು ತಿಂಗಳು ಮಾಡಿ, ಎರಡು ತಿಂಗಳ ನೋಟಿಸನ್ನು ಲಾಕ್‌ಇನ್ ಒಳಗೇ ಕೊಡಲು ಬಿಡಿ. ಅವರು ಆರು ತಿಂಗಳಿಗಿಂತ ಕೆಳಗೆ ಇಳಿಯಲಿಲ್ಲ. ಹೊಸದಾಗಿ ಬಣ್ಣ ಬಳಿಸಿದ್ದರು, ಆರು ತಿಂಗಳ ಬಾಡಿಗೆಯಾದರೂ ಬರದಿದ್ದರೆ ಹೇಗೆ ಎನ್ನುವುದು ನ್ಯಾಯವಾಗಿಯೇ ಇತ್ತು. ಒಳಗಿನಿಂದ ಆಂಟಿ ಬಂದು ಇನ್ನೊಂದು ದಾರಿ ಹೇಳಿದರು: "ಆರು ತಿಂಗಳು ಅಂತಲೇ ಇರಲಿ. ಕೆಲಸ ಹೋಯ್ತು ಅಂತ ಕಂಪನಿ ಲೆಟರ್ ತೋರಿಸಿದ್ರೆ ಬಿಟ್ಟುಕೊಡೋಣ."

ಒಳ್ಳೆಯ ಮನಸ್ಸಿನಿಂದ ಬಂದ ಮಾತು, ಆದರೆ ಕಾಗದದ ಮೇಲೆ ಇದು ಕೈಕೊಡುತ್ತದೆ, ಹಾಗಾಗಿ ಅಲ್ಲೇ ವಿವರಿಸಿದೆ. ಕಾಂಟ್ರಾಕ್ಟ್ ಮುಗಿದರೆ ಕೆಲಸ ಹೋಯಿತು ಎನ್ನುವ ಪತ್ರ ಯಾರೂ ಕೊಡುವುದಿಲ್ಲ, ಅವಧಿ ಮುಗಿಯಿತು ಅಷ್ಟೇ. ಪರ್ಮನೆಂಟ್ ಇರುವವರಿಗೂ ಎಷ್ಟೋ ಕಡೆ ನೀವೇ ರಾಜೀನಾಮೆ ಕೊಡಿ ಎನ್ನುತ್ತಾರೆ. ಕೈಗೆ ಬರುವ ಪತ್ರದಲ್ಲಿ ರಾಜೀನಾಮೆ ಅಂಗೀಕರಿಸಲಾಗಿದೆ ಎಂದಿರುತ್ತದೆ. ಆ ಪತ್ರ ನೋಡಿದ ಮಾಲೀಕರಿಗೆ, ತಾನಾಗಿಯೇ ಬಿಟ್ಟಿದ್ದಾಳಲ್ಲ ಎಂದೇ ಅನ್ನಿಸುತ್ತದೆ. ಆಗ ಕೆಲಸ ಕಳೆದುಕೊಂಡವರು ತಮಗೆ ಕೆಲಸ ಹೋದದ್ದನ್ನು ಮನೆ ಮಾಲೀಕರ ಮುಂದೆ ಸಾಬೀತು ಮಾಡುತ್ತಾ ನಿಲ್ಲಬೇಕು. ಆ ಸ್ಥಿತಿ ನನಗೂ ಬೇಡ, ತೀರ್ಪು ಕೊಡುವ ಕೆಲಸ ಅವರಿಗೂ ಬೇಡ.

ಆದ್ದರಿಂದ ನಾನು ಹೇಳಿದೆ: "ಆಂಟಿ, ಕಾರಣ ಕೇಳೋದು ಬೇಡ. ಆರು ತಿಂಗಳ ಒಳಗೆ ನಾನು ಯಾವ ಕಾರಣಕ್ಕೆ ಹೋದರೂ ಒಂದು ತಿಂಗಳ ಬಾಡಿಗೆ ಜಾಸ್ತಿ ಕೊಟ್ಟು ಹೋಗ್ತೀನಿ. ಅದಕ್ಕಿಂತ ಹೆಚ್ಚು ಹಿಡಿಯೋದು ಬೇಡ. ಆರು ತಿಂಗಳಾದ ಮೇಲೆ ಹೋದರೆ ಅದೂ ಇಲ್ಲ, ಬರೀ ನೋಟಿಸ್." ಕೆಲಸದ ಅನಿಶ್ಚಿತತೆ ಮಾತುಕತೆಗೆ ಕಾರಣ, ಆದರೆ ಷರತ್ತಿನೊಳಗೆ ಅದು ಬರುವ ಅಗತ್ಯವಿಲ್ಲ ಎನ್ನುವುದು ಅಲ್ಲಿ ಕೂತು ಮಾತಾಡುತ್ತಲೇ ನನಗೆ ಸ್ಪಷ್ಟವಾಯಿತು.

ಇದರ ಬೆಲೆ ಎಷ್ಟು ಎಂದು ಅವರ ಮುಂದೆಯೇ ಬರೆದು ತೋರಿಸಿದೆ. ಕಾಂಟ್ರಾಕ್ಟ್ ಮಧ್ಯದಲ್ಲೇ ನಿಂತು ಜನವರಿ 31ಕ್ಕೆ ನಾನು ಹೋದೆ ಎಂದುಕೊಳ್ಳೋಣ. ಮೂರು ತಿಂಗಳು ಆಗಿರುತ್ತದೆ. ಉಳಿದ ಬಾಡಿಗೆ ಎನ್ನುವ ಹಳೆ ಲೆಕ್ಕದಲ್ಲಿ ಆರು ತಿಂಗಳ ಲಾಕ್‌ಇನ್‌ಗೂ 66,000 ಕೊಡಬೇಕು. ಹೊಸ ಲೆಕ್ಕದಲ್ಲಿ 22,000. ಅವರ ಕಡೆಯಿಂದ ನೋಡಿದರೆ ಎರಡು ತಿಂಗಳು ಮುಂಚೆಯೇ ನೋಟಿಸ್ ಸಿಕ್ಕಿರುತ್ತದೆ, ಹೋದ ಮೇಲೆ ಒಂದು ತಿಂಗಳ ಬಾಡಿಗೆ ಕೈಯಲ್ಲಿರುತ್ತದೆ, ಪೇಂಟಿಂಗ್ ಹಣ ಬೇರೆ. ಹಿಂದಿನ ಹುಡುಗರಿಂದಾದ ನಷ್ಟವನ್ನು ಇದು ಹೆಚ್ಚುಕಡಿಮೆ ತುಂಬಿಕೊಡುತ್ತಿತ್ತು.

ಅವರು ಹೆಂಡತಿಯ ಮುಖ ನೋಡಿದರು. "ಆಷಾಢದ್ದೇನು?" ಎಂದರು ಆಂಟಿ. ಅದಕ್ಕೂ ದಾರಿ ಇತ್ತು. ನನ್ನ ನೋಟಿಸ್ ಆಷಾಢ ಮಾಸದಲ್ಲಿ ಮುಗಿಯುವಂತಿದ್ದರೆ ಆಷಾಢ ಮುಗಿಯುವ ತನಕದ ಬಾಡಿಗೆ ನಾನೇ ಕೊಡುತ್ತೇನೆ ಎಂದೆ. ಹೆಚ್ಚೆಂದರೆ ಒಂದು ತಿಂಗಳ ಮಾತು, ನನ್ನ ಲೆಕ್ಕದಲ್ಲಿ ಆ ಪರಿಸ್ಥಿತಿ ಬರುವ ಸಂಭವವೂ ಕಡಿಮೆ. ಅವರಿಗಾದರೋ ಕಳೆದ ವರ್ಷದ ನೋವು ಇದ್ದದ್ದೇ ಅಲ್ಲಿ. ಹನ್ನೊಂದು ತಿಂಗಳ ಪಟ್ಟು ಸಡಿಲವಾದದ್ದು ಈ ಒಂದು ಮಾತಿನಿಂದ ಎಂದು ನಾನು ಈಗಲೂ ನಂಬಿದ್ದೇನೆ.

ಉಳಿದದ್ದು ನೋಟಿಸ್. ಆರು ತಿಂಗಳ ಲಾಕ್‌ಇನ್ ಎಂದು ಬರೆದು, ನೋಟಿಸ್ ಯಾವಾಗ ಕೊಡಬಹುದು ಎಂದು ಬರೆಯದಿದ್ದರೆ ಅದು ಎಂಟು ತಿಂಗಳಾಗುತ್ತದೆ: ಆರು ಮುಗಿದ ಮೇಲೆ ನೋಟಿಸ್, ಆಮೇಲೆ ಎರಡು ತಿಂಗಳು. ಲಾಕ್‌ಇನ್ ನಡೆಯುತ್ತಿರುವಾಗಲೇ ನೋಟಿಸ್ ಕೊಡಬಹುದು ಎಂದಿದ್ದರೆ ಆರು ಎಂದರೆ ಆರೇ. ನನಗೆ ಈ ಎರಡು ತಿಂಗಳ ಬೆಲೆ 44,000 ರೂಪಾಯಿ. ಲಾಕ್‌ಇನ್ ಎಷ್ಟು ತಿಂಗಳು ಎಂದು ಎಳೆದಾಡುವವರು ಈ ಸಾಲನ್ನು ಬಿಟ್ಟುಬಿಡುವುದನ್ನು ನನ್ನ ಗೆಳತಿಯರಲ್ಲೇ ಕಂಡಿದ್ದೇನೆ. ಫೆಬ್ರವರಿ ಕೊನೆಗೆ ನೋಟಿಸ್ ಕೊಟ್ಟರೆ ಏಪ್ರಿಲ್ 30ಕ್ಕೆ ಬಿಡುಗಡೆ, ನವೆಂಬರ್ 1ರಿಂದ ಸರಿಯಾಗಿ ಆರು ತಿಂಗಳು. ಅವರು ಒಪ್ಪಿದರು.

ಆದರೆ ಫೆಬ್ರವರಿ ಕೊನೆಗೆ ನನಗೆ ಕಾಂಟ್ರಾಕ್ಟಿನ ಸುದ್ದಿ ಗೊತ್ತಾಗಿರದೇ ಇರಬಹುದು. ಮುಂಜಾಗ್ರತೆಗೆ ನೋಟಿಸ್ ಕೊಟ್ಟು, ಮಾರ್ಚ್‌ನಲ್ಲಿ ಕೆಲಸ ಮುಂದುವರಿದರೆ? ಇದನ್ನೂ ಕೇಳಿದೆ. ಬೇರೆ ಯಾರಿಂದಲೂ ಟೋಕನ್ ತೆಗೆದುಕೊಳ್ಳುವ ತನಕ ನೋಟಿಸ್ ವಾಪಸ್ ಪಡೆಯಬಹುದು ಎಂದು ಮಾತಾಯಿತು. ಅವರಿಗೆ ಇದರಲ್ಲಿ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಅಷ್ಟು ಹೊತ್ತು ನನ್ನ ವಿಷಯವೇ ನಡೆದಿತ್ತು. ಆಮೇಲೆ ಅವರು ತಮ್ಮದನ್ನು ಹೇಳಿದರು. ಮಗಳು ಹೊರದೇಶದಲ್ಲಿದ್ದಾಳೆ, ವಾಪಸ್ ಬರುವ ಯೋಚನೆ ಇದೆ, ಬಂದರೆ ಮೇಲಿನ ಮನೆ ಅವಳಿಗೆ ಬೇಕು, ಆದರೆ ಯಾವಾಗ ಎಂದು ಅವಳಿಗೇ ಗೊತ್ತಿಲ್ಲ. ಮೊದಲ ಕರಡಿನಲ್ಲಿ ಲಾಕ್‌ಇನ್ ನನಗೆ ಮಾತ್ರ ಇತ್ತು, ಅವರು ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಿಸಬಹುದಿತ್ತು. ಅಮ್ಮನನ್ನು ಊರಿನಿಂದ ಕರೆತಂದು ಸಂಸಾರ ಹೂಡಿ ಮೂರನೇ ತಿಂಗಳಿಗೆ ಖಾಲಿ ಮಾಡಿ ಎಂದರೆ ಕಷ್ಟ. ಹಾಗಾಗಿ ಆರು ತಿಂಗಳು ಅವರೂ ಬಿಡಿಸುವಂತಿಲ್ಲ, ಬಾಡಿಗೆ ನಿಲ್ಲಿಸಿದರೆ ಮಾತ್ರ ಬಿಡಿಸಬಹುದು ಎಂದು ಸೇರಿಸಲು ಕೇಳಿದೆ. ಲಾಕ್‌ಇನ್ ಪೂರ್ತಿ ತೆಗೆಸಿಬಿಡಬೇಕು ಎಂದು ಹೊರಟವರು ಇದನ್ನು ಗಮನಿಸಬೇಕು, ತೆಗೆದರೆ ಅದು ಎರಡೂ ಕಡೆ ಹೋಗುತ್ತದೆ. ನನ್ನ ಅನಿಶ್ಚಿತತೆ ಹೇಳಿಕೊಂಡಿದ್ದರಿಂದ ಅವರ ಮಗಳ ವಿಷಯ ಹೊರಗೆ ಬಂತು, ಇಲ್ಲದಿದ್ದರೆ ಅದು ನನಗೆ ಗೊತ್ತಾಗುತ್ತಿದ್ದದ್ದು ಖಾಲಿ ಮಾಡಿ ಎಂದ ದಿನವೇ.

ವಕೀಲೆಯಾಗಿರುವ ಗೆಳತಿಗೆ ಅಂದು ರಾತ್ರಿ ಎಲ್ಲ ಓದಿ ಹೇಳಿದೆ. 1872ರ ಕರಾರು ಕಾಯ್ದೆಯ 74ನೇ ಕಲಂ ಬಗ್ಗೆ ಅವಳು ಹೇಳಿದಳು. ಕರಾರಿನಲ್ಲಿ ದಂಡ ಇಷ್ಟು ಎಂದು ಬರೆದಿದ್ದರೂ ಅದು ಮೇಲ್ಮಿತಿ ಮಾತ್ರ, ಸಿಗಬೇಕಾದದ್ದು ಅದರೊಳಗೆ ನ್ಯಾಯವೆನಿಸುವಷ್ಟು ಪರಿಹಾರ. ಹಾಗಿದ್ದರೆ ಹಳೆ ಷರತ್ತಿಗೇ ಸಹಿ ಮಾಡಿ ಆಮೇಲೆ ವಾದಿಸಬಹುದಿತ್ತಲ್ಲ ಎಂದೆ. "ವಾದಿಸಬಹುದು, ಕೋರ್ಟಿನಲ್ಲಿ. ದುಡ್ಡು ಅವರ ಹತ್ತಿರ ಇರುತ್ತೆ, ಹೋಗಬೇಕಾದವಳು ನೀನು. ಒಂದು ಲಕ್ಷಕ್ಕೆ ಎಷ್ಟು ವರ್ಷ ಓಡಾಡ್ತೀಯ?" ಎಂದಳು. ಸಹಿಗೆ ಮುಂಚಿನ ಒಂದು ಗಂಟೆಯ ಮಾತಿಗೆ ಇರುವ ಬೆಲೆ ಆಮೇಲಿನ ಕಾನೂನಿಗೆ ಇಲ್ಲ ಎನ್ನುವುದು ಅವಳ ಅಭಿಪ್ರಾಯ, ನನ್ನದೂ ಅದೇ.

ಒಪ್ಪಿದ್ದನ್ನೆಲ್ಲ ಆ ರಾತ್ರಿಯೇ ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದೆ, ಸರಿ ಇದ್ದರೆ ಹೂಂ ಅನ್ನಿ ಎಂದು. ಬೆಳಿಗ್ಗೆ "ಓಕೆ ಅಮ್ಮ" ಎಂದು ಬಂತು. ಅದಾದ ಮೇಲೆ ಟೋಕನ್ ಹಾಕಿದೆ.

ಕರಾರು ಬರೆಯುವ ಅಂಗಡಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿ ಹಳೆಯ ಮಾದರಿಯೊಂದು ಕಂಪ್ಯೂಟರಿನಲ್ಲಿರುತ್ತದೆ, ಹೆಸರು ವಿಳಾಸ ಬದಲಿಸಿ ಇ-ಸ್ಟಾಂಪ್ ಪೇಪರಿನ ಮೇಲೆ ಮುದ್ರಿಸಿ ಕೊಡುತ್ತಾರೆ. ನಾನು ಒಂಬತ್ತನೇ ಷರತ್ತನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ:

"ಮೊದಲ ಆರು ತಿಂಗಳು ಲಾಕ್‌ಇನ್ ಅವಧಿಯಾಗಿದ್ದು ಉಭಯತ್ರರಿಗೂ ಅನ್ವಯಿಸುತ್ತದೆ. ಎರಡು ತಿಂಗಳ ನೋಟಿಸನ್ನು ಲಾಕ್‌ಇನ್ ಅವಧಿಯೊಳಗೂ ಕೊಡಬಹುದು ಮತ್ತು ಆ ನೋಟಿಸ್ ಅವಧಿಯು ಲಾಕ್‌ಇನ್‌ನ ಲೆಕ್ಕಕ್ಕೆ ಸೇರುತ್ತದೆ. ಬಾಡಿಗೆದಾರರು ಯಾವುದೇ ಕಾರಣಕ್ಕೆ ಆರು ತಿಂಗಳೊಳಗೆ ಮನೆ ಬಿಟ್ಟಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮಾತ್ರ ಪರಿಹಾರವಾಗಿ ಕೊಡತಕ್ಕದ್ದು, ಇದನ್ನು ಹೊರತು ಲಾಕ್‌ಇನ್ ಸಂಬಂಧ ಬೇರೆ ಯಾವ ಮೊತ್ತವನ್ನೂ ಅಡ್ವಾನ್ಸ್‌ನಲ್ಲಿ ಹಿಡಿಯತಕ್ಕದ್ದಲ್ಲ."

ಆಷಾಢದ ಸಾಲು, ನೋಟಿಸ್ ವಾಪಸಿನ ಸಾಲು, ಬಾಡಿಗೆ ನಿಂತರೆ ಅವರು ಬಿಡಿಸಬಹುದು ಎನ್ನುವ ಸಾಲು ಇದರ ಕೆಳಗೆ. ಹುಡುಗಿ ಟೈಪ್ ಮಾಡಿದಳು. ಸ್ಟಾಂಪ್ ಪೇಪರಿಗೆ ಹಾಕುವ ಮುಂಚೆ ಬಿಳಿ ಹಾಳೆಯಲ್ಲಿ ಒಂದು ಪ್ರತಿ ಕೇಳಿ ತೆಗೆದುಕೊಂಡು ಮೊದಲಿನಿಂದ ಓದಿದೆ. ಒಂಬತ್ತು ಸರಿ ಇತ್ತು. ಹದಿನಾಲ್ಕರಲ್ಲಿ, "ಕರಾರಿನ ಅವಧಿ ಮುಗಿಯುವ ಮುನ್ನ ಮನೆ ಬಿಟ್ಟಲ್ಲಿ ಅಡ್ವಾನ್ಸ್ ಮುಟ್ಟುಗೋಲು ಹಾಕಿಕೊಳ್ಳಲಾಗುವುದು" ಎಂಬ ಸಾಲು ಹಾಗೆಯೇ ಕೂತಿತ್ತು. ಯಾರೂ ಬೇಕೆಂದು ಬಿಟ್ಟದ್ದಲ್ಲ, ಮಾದರಿಯಲ್ಲೇ ಇದ್ದದ್ದು. ಆದರೆ ಒಂಬತ್ತು ಒಂದು ಹೇಳಿ ಹದಿನಾಲ್ಕು ಇನ್ನೊಂದು ಹೇಳಿದರೆ ಜಗಳದ ದಿನ ಎರಡೂ ಕಡೆಯವರು ತಮಗೆ ಬೇಕಾದದ್ದನ್ನು ತೋರಿಸುತ್ತಾರೆ. ಮಾಲೀಕರಿಗೆ ತೋರಿಸಿದೆ, ಅವರೇ "ತೆಗೀರಿ ಅದನ್ನ" ಎಂದರು. ಅಡ್ವಾನ್ಸ್, ಮುಟ್ಟುಗೋಲು, ಅವಧಿ ಎನ್ನುವ ಪದಗಳು ಎಲ್ಲೆಲ್ಲಿ ಬರುತ್ತವೆ ಎಂದು ಕಂಪ್ಯೂಟರಿನಲ್ಲಿ ಹುಡುಕಿಸಿ ನೋಡಿದ ಮೇಲೆ ಮುದ್ರಣಕ್ಕೆ ಒಪ್ಪಿಗೆ ಕೊಟ್ಟೆ. ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿದೆವು.

ಫೆಬ್ರವರಿ ಬಂತು. ಮ್ಯಾನೇಜರ್‌ನ ಕೇಳಿದರೆ, ಕ್ಲೈಂಟ್ ಇನ್ನೂ ಏನೂ ಹೇಳಿಲ್ಲ, ಮಾರ್ಚ್ ಮೂರನೇ ವಾರ ಗೊತ್ತಾಗಬಹುದು ಎಂದರು. ಅಷ್ಟು ಹೊತ್ತು ಕಾದರೆ ನನ್ನ ಎರಡು ತಿಂಗಳು ಮೇ ಮೂರನೇ ವಾರದ ತನಕ ಹೋಗುತ್ತದೆ. ಫೆಬ್ರವರಿ 27ರಂದು ಕೆಳಗೆ ಹೋಗಿ ಪರಿಸ್ಥಿತಿ ಹೇಳಿ ನೋಟಿಸ್ ಪತ್ರ ಕೊಟ್ಟೆ, ಒಂದು ಪ್ರತಿಯ ಮೇಲೆ ಅವರ ಸಹಿ, ದಿನಾಂಕ ಹಾಕಿಸಿಕೊಂಡೆ. ಅದರ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲೂ ಕಳಿಸಿದೆ. "ಕೆಲಸ ಉಳಿದರೆ ಹೇಳು, ನಾನಿನ್ನೂ ಬೋರ್ಡ್ ಹಾಕಲ್ಲ" ಎಂದರು ಅವರು. ಮಾರ್ಚ್ ಮಧ್ಯದ ತನಕ ನಿಜಕ್ಕೂ ಹಾಕಲಿಲ್ಲ.

ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಏಜೆನ್ಸಿಯಿಂದ ಬಂದದ್ದು ಎರಡು ಸಾಲಿನ ಮೇಲ್, ನಿಮ್ಮ ಅವಧಿ 31ಕ್ಕೆ ಮುಗಿಯುತ್ತದೆ, ಲ್ಯಾಪ್‌ಟಾಪ್ ಹಿಂದಿರುಗಿಸಿ ಎಂದು. ಕೆಲಸ ಹೋಯಿತು ಎನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಪತ್ರ ತೋರಿಸಿದರೆ ಬಿಡುತ್ತೇವೆ ಎನ್ನುವ ಷರತ್ತು ಹಾಕಿಸಿದ್ದರೆ ಆ ಮೇಲ್ ಹಿಡಿದುಕೊಂಡು ಅವರ ಮುಂದೆ ನಿಲ್ಲಬೇಕಾಗಿತ್ತು.

ಅದೇ ದಿನ ಮಾಲೀಕರಿಗೆ ತಿಳಿಸಿದೆ, ಬೋರ್ಡ್ ಹಾಕಿದರು. ಭಾನುವಾರಗಳಲ್ಲಿ ಮನೆ ನೋಡಲು ಬರುವವರಿಗೆ ಅಮ್ಮ ಬಾಗಿಲು ತೆರೆದು ತೋರಿಸುತ್ತಿದ್ದರು. ನೀರು ಎಷ್ಟು ಹೊತ್ತು ಬರುತ್ತದೆ, ಬಿಸಿಲು ಯಾವ ಕಡೆ ಎಂದು ಅವರೇ ವಿವರಿಸುತ್ತಿದ್ದರು. ಏಪ್ರಿಲ್ ಎರಡನೇ ವಾರ ಒಂದು ಸಂಸಾರ ಟೋಕನ್ ಕೊಟ್ಟಿತು. ನಾವು ಏಪ್ರಿಲ್ 30ಕ್ಕೆ ಖಾಲಿ ಮಾಡಿದೆವು. ಮನೆ ಒಂದು ವಾರವೂ ಖಾಲಿ ಉಳಿಯಲಿಲ್ಲ.

ಲೆಕ್ಕ ಮುಗಿಸುವಾಗ ಲಾಕ್‌ಇನ್ ಮಾತೇ ಬರಲಿಲ್ಲ. ಆರು ತಿಂಗಳಿಗೆ ಪೂರ್ತಿ ಪೇಂಟಿಂಗ್ ಹಣ ಹೆಚ್ಚಾಯಿತು, ಅರ್ಧ ಮಾಡಿ ಎಂದು ಕೇಳಿದೆ, ಅವರು ಒಪ್ಪಲಿಲ್ಲ, ಕರಾರಿನಲ್ಲಿ ಹಾಗೇ ಇದ್ದುದರಿಂದ ನಾನೂ ಬಿಟ್ಟೆ. 1,10,000ದಲ್ಲಿ 22,000 ಪೇಂಟಿಂಗ್, 1,140 ಕೊನೆಯ ಬೆಸ್ಕಾಂ ಬಿಲ್ ಕಳೆದು 86,860 ಬರಬೇಕಿತ್ತು. ಬೀಗದ ಕೈ ಕೊಟ್ಟ ದಿನ 50,000 ಕೊಟ್ಟರು, ಉಳಿದದ್ದು ಹೊಸಬರ ಅಡ್ವಾನ್ಸ್ ಬಂದ ಮೇಲೆ ಎಂದರು. ಅಡ್ವಾನ್ಸ್ ಯಾವ ದಿನ ವಾಪಸ್ ಕೊಡಬೇಕು ಎಂದು ನಮ್ಮ ಕರಾರಿನಲ್ಲಿ ಎಲ್ಲೂ ಇರಲಿಲ್ಲ, ಹಾಗಾಗಿ ನಾನು ತಕರಾರು ತೆಗೆಯುವಂತಿರಲಿಲ್ಲ. ಮೇ ಎರಡನೇ ವಾರ 36,860 ಖಾತೆಗೆ ಬಂತು.

ಜೂನ್‌ನಲ್ಲಿ ಮೈಸೂರಿನಲ್ಲಿ ಕೆಲಸ ಸಿಕ್ಕಿತು, ಈ ಸಲ ಮೊದಲ ಆರು ತಿಂಗಳು ಪ್ರೊಬೇಷನ್. ಕುವೆಂಪುನಗರದ ಮನೆ ಮಾಲೀಕರ ಮುಂದೆ ಅದೇ ಫೈಲ್ ಇಟ್ಟು, ಪ್ರೊಬೇಷನ್ ಮುಗಿಯುವ ದಿನಾಂಕ ತೋರಿಸಿ ಮಾತಾಡಿದೆ. ಲಾಕ್‌ಇನ್ ನಾಲ್ಕು ತಿಂಗಳು, ನೋಟಿಸ್ ಒಂದು ತಿಂಗಳು, ಮನೆ ಖಾಲಿ ಮಾಡಿದ ಹತ್ತು ದಿನದೊಳಗೆ ಅಡ್ವಾನ್ಸ್ ವಾಪಸ್ ಎಂದು ಬರೆಸಿದ್ದೇವೆ.